ಆಂಟಿಬಯೋಟಿಕ್ ನಡೆಯುತ್ತಿರುವಾಗ ಮದ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧಿ ಅಂಗಡಿಯ ಕಟ್ಟೆಯ ಮುಂದೆ, ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ, ಮದುವೆ ಮನೆಗೆ ಹೋಗುವ ಹಿಂದಿನ ದಿನ ಜನ ಕೇಳುವ ಪ್ರಶ್ನೆಗಳಿವು. ಕೇಳುವವರ ಮಾತಿನಲ್ಲೇ ಇಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲ ಪ್ರಶ್ನೆಗಳು

ಆಂಟಿಬಯೋಟಿಕ್ ತಗೊಳ್ಳುವಾಗ ಒಂದು ಹನಿಯೂ ಕುಡಿಯಬಾರದು ಅಂತಾರೆ. ನಿಜಾನಾ?

ಎಲ್ಲ ಆಂಟಿಬಯೋಟಿಕ್‌ಗೂ ನಿಜವಲ್ಲ. ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫಲೆಕ್ಸಿನ್ ಹೀಗೆ ಗಂಟಲು ನೋವು, ಕೆಮ್ಮು, ಹುಣ್ಣುಗಳಿಗೆ ದಿನವೂ ಬರೆದುಕೊಡುವ ಮಾತ್ರೆಗಳಿಗೂ ಮದ್ಯಕ್ಕೂ ನೇರವಾದ ಜಗಳವಿಲ್ಲ. ಇವುಗಳ ಜೊತೆ ಒಂದು ಸಣ್ಣ ಪೆಗ್ ಕುಡಿದರೆ ವಿಷವಾಗುತ್ತದೆ ಎನ್ನುವುದು ಬರೀ ನಂಬಿಕೆ.

ಆದರೆ ಬೇರೆ ಕೆಲವು ಔಷಧಿಗಳ ಜೊತೆ ಅಪಾಯ ನಿಜವಾಗಿಯೂ ಇದೆ. ಭೇದಿಗೆ ಕೊಡುವ ಟಿನಿಡಜೋಲ್ ವರ್ಗದ ಮಾತ್ರೆಗಳು, ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಸೆಫೊಪೆರಜೋನ್, ಕ್ಷಯದ ಮಾತ್ರೆಗಳು, ಗಂಭೀರ ಸೋಂಕಿಗೆ ಕೊಡುವ ಲಿನೆಜೋಲಿಡ್ ಅವುಗಳಲ್ಲಿ ಮುಖ್ಯವಾದವು. ಹಾಗಾಗಿ 'ಇದು ಆಂಟಿಬಯೋಟಿಕ್ಕಾ?' ಎಂದು ಕೇಳಿದರೆ ಸಾಲದು, 'ಇದರೊಳಗಿನ ಔಷಧಿಯ ಹೆಸರೇನು?' ಎಂದು ಕೇಳಬೇಕು. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದದ್ದು ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಮಿಲಿಗ್ರಾಂ ಲೆಕ್ಕದ ಪಕ್ಕದಲ್ಲಿರುತ್ತದೆ. ಮಾತ್ರೆ ಕತ್ತರಿಸಿ ಕೊಡುವಾಗ ಆ ಭಾಗ ಅಂಗಡಿಯಲ್ಲೇ ಉಳಿದುಹೋಗುವುದುಂಟು. ಕೊಳ್ಳುವಾಗಲೇ ಓದಿಸಿಕೊಳ್ಳಿ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕುಡಿದ್ರೆ ಮಾತ್ರೆ ಪವರ್ ಹೋಗುತ್ತಾ? ಕೋರ್ಸ್ ಮತ್ತೆ ಮೊದಲಿಂದ ಶುರು ಮಾಡ್ಬೇಕಾ?

ಬೇಡ. ಅಮಾಕ್ಸಿಸಿಲಿನ್‌ನಂಥ ಮಾತ್ರೆ ನುಂಗಿದ ದಿನ ಒಂದು ಪೆಗ್ ಕುಡಿದರೆ ಔಷಧಿಯೇನೂ ಕೊಚ್ಚಿಹೋಗುವುದಿಲ್ಲ. ಮುಂದಿನ ಮಾತ್ರೆಯನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ. ಎರಡು ಮಾತ್ರೆ ಒಟ್ಟಿಗೆ ನುಂಗುವುದೂ ಬೇಡ, ಹೊಸದಾಗಿ ಶುರು ಮಾಡುವುದೂ ಬೇಡ.

ಈ ನಂಬಿಕೆಯಿಂದ ಆಗುವ ನಿಜವಾದ ಹಾನಿಯೇ ಬೇರೆ. 'ಇವತ್ತು ಪಾರ್ಟಿ ಇದೆ, ಮಾತ್ರೆ ಬಿಟ್ಟುಬಿಡೋಣ' ಎಂದು ಎಷ್ಟೋ ಜನ ರಾತ್ರಿಯ ಮಾತ್ರೆ ಬಿಡುತ್ತಾರೆ, ತಲೆ ಭಾರವೆಂದು ಮರುದಿನ ಬೆಳಿಗ್ಗೆಯದನ್ನೂ ಬಿಡುತ್ತಾರೆ. ದಿನಕ್ಕೆ ಮೂರು ಸಲ ನುಂಗಬೇಕಾದ ಅಮಾಕ್ಸಿಸಿಲಿನ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು ಒಂದು ಗಂಟೆ ಮಾತ್ರ. ಎರಡು ಹೊತ್ತು ತಪ್ಪಿಸಿದರೆ ರೋಗಾಣುಗಳಿಗೆ ಪೂರ್ತಿ ಒಂದು ದಿನದ ಬಿಡುವು ಸಿಕ್ಕಂತೆ. ಆ ಒಂದು ಪೆಗ್‌ಗಿಂತ ತಪ್ಪಿಸಿದ ಮಾತ್ರೆಗಳೇ ಹೆಚ್ಚು ಕೆಡಿಸುತ್ತವೆ.

ಹಾಗಾದ್ರೆ ಡಾಕ್ಟ್ರು ಎಲ್ಲರಿಗೂ 'ಕುಡೀಬೇಡಿ' ಅಂತ ಯಾಕೆ ಹೇಳ್ತಾರೆ?

ಜ್ವರವಿದ್ದಾಗ ಮೈಯ ನೀರು ಬೆವರಾಗಿ ಹೋಗುತ್ತಿರುತ್ತದೆ, ಮದ್ಯ ಮೂತ್ರ ಹೆಚ್ಚಿಸಿ ಇನ್ನಷ್ಟು ನೀರು ಕಳೆಯುತ್ತದೆ. ಆಂಟಿಬಯೋಟಿಕ್‌ನಿಂದ ಹೊಟ್ಟೆ ತೊಳಸುತ್ತಿದ್ದರೆ ಅದೂ ಜಾಸ್ತಿಯಾಗುತ್ತದೆ. ಜೊತೆಗೆ ಪ್ಯಾರಸಿಟಮಾಲ್, ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಇದ್ದೇ ಇರುತ್ತವೆ. ನಿತ್ಯ ಕುಡಿಯುವವರ ಯಕೃತ್ತಿಗೆ ಪ್ಯಾರಸಿಟಮಾಲ್ ಹೊರೆಯಾಗುತ್ತದೆ, ನೆಗಡಿ ಮಾತ್ರೆಯ ಮಂಪರು ಮದ್ಯದ ಜೊತೆ ಇನ್ನೂ ಹೆಚ್ಚುತ್ತದೆ. ವೈದ್ಯರ ಸಲಹೆ ತಪ್ಪಲ್ಲ. ಆದರೆ ಆ ಒಂದು ಮಾತಿನಲ್ಲಿ 'ಬೇಡ' ಮತ್ತು 'ಖಂಡಿತ ಕೂಡದು' ಎಂಬ ಎರಡೂ ಬೆರೆತುಹೋಗುತ್ತವೆ. ಅಮಾಕ್ಸಿಸಿಲಿನ್ ಜೊತೆ ಕುಡಿದು ಏನೂ ಆಗದವರು ಮುಂದೆ ಟಿನಿಡಜೋಲ್ ಜೊತೆಗೂ ಹಾಗೇ ಅಂದುಕೊಳ್ಳುತ್ತಾರೆ. ಎರಡನ್ನೂ ಬಿಡಿಸಿ ಹೇಳಬೇಕೆಂದು ನಮ್ಮ ಆಗ್ರಹ.

'ಒಂದೇ ಒಂದು ಬಿಯರ್' ಕುಡಿದ್ರೆ ಅದು ಕಮ್ಮೀನೇ ಅಲ್ವಾ?

ಅಲ್ಲ. 30 ಮಿ.ಲೀ.ಯ ಸಣ್ಣ ಪೆಗ್ ವಿಸ್ಕಿ ಅಥವಾ ರಮ್ಮಿನಲ್ಲಿ ಶೇ 42.8 ಆಲ್ಕೋಹಾಲ್ ಇರುತ್ತದೆ, ತೂಕದಲ್ಲಿ ಸುಮಾರು 10 ಗ್ರಾಂ. 650 ಮಿ.ಲೀ.ಯ ಶೇ 8ರ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್. 180 ಮಿ.ಲೀ.ಯ ಕ್ವಾರ್ಟರ್ ಎಂದರೆ ಆರು ಪೆಗ್. ದೇಹ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಕರಗಿಸುತ್ತದೆ. ಆದ್ದರಿಂದ ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರ್ ಬೆಳಿಗ್ಗೆ ಆರರ ಮಾತ್ರೆಯ ಹೊತ್ತಿಗೂ ರಕ್ತದಲ್ಲಿ ಸ್ವಲ್ಪ ಉಳಿದಿರಬಹುದು. ವೈದ್ಯರಿಗೆ ಹೇಳುವಾಗ 'ಸ್ವಲ್ಪ' ಎನ್ನಬೇಡಿ, ಎಷ್ಟು ಮಿ.ಲೀ. ಎಂದು ಹೇಳಿ.

## ಭೇದಿ ಮಾತ್ರೆಯ ಸುತ್ತ

ಲೂಸ್ ಮೋಷನ್‌ಗೆ ಮೆಡಿಕಲ್ ಶಾಪಲ್ಲಿ ಒಂದು ಮಾತ್ರೆ ಕೊಟ್ರು, ಹೆಸರಿನ ಕೊನೇಲಿ 'ಓಝೆಡ್' ಅಂತಿದೆ. ಅದು ಬೇರೆ ಥರದ್ದಾ?

ಹೌದು, ಈ ಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇದಕ್ಕೇ. ಅದರೊಳಗೆ ಎರಡು ಔಷಧಿಗಳಿವೆ. ಒಂದು ಆಫ್ಲಾಕ್ಸಸಿನ್, ಇನ್ನೊಂದು ಆರ್ನಿಡಜೋಲ್. 'ಟಿಝೆಡ್' ಎಂದಿದ್ದರೆ ಎರಡನೆಯದು ಟಿನಿಡಜೋಲ್. ಹಲ್ಲಿನ ಕೀವಿಗೆ, ಆಮಶಂಕೆಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕೊಡುವ ಮೆಟ್ರೋನಿಡಜೋಲ್ ಕೂಡ ಇದೇ ಕುಟುಂಬದ್ದು. ಸೆಕ್ನಿಡಜೋಲ್ ಇನ್ನೊಂದು. ಮದ್ಯದ ಎಚ್ಚರಿಕೆ ಇರುವುದು ಜೋಡಿಯ ಈ ಎರಡನೆಯ ಔಷಧಿಗೆ.

ಗುರುತು ಸುಲಭ, ಹೆಸರು 'ನಿಡಜೋಲ್' ಎಂದು ಮುಗಿಯುತ್ತದೆ. ಕಿವಿಗೆ ಹಾಗೇ ಕೇಳುವ ಬೇರೆ ಹೆಸರುಗಳಿವೆ, ಗೊಂದಲ ಬೇಡ. ಆಲ್ಬೆಂಡಜೋಲ್ ಜಂತುಹುಳುವಿನ ಮಾತ್ರೆ, ಪ್ಯಾಂಟೊಪ್ರಜೋಲ್ ಗ್ಯಾಸಿನ ಮಾತ್ರೆ. ಅವು ಈ ಕುಟುಂಬದವಲ್ಲ.

ಇನ್ನೊಂದು ಮಾತು. ನೀರಿನಂತೆ ಆಗುವ ಸಾಮಾನ್ಯ ಭೇದಿಗೆ ಬಹಳ ಸಲ ಆಂಟಿಬಯೋಟಿಕ್ಕೇ ಬೇಕಿರುವುದಿಲ್ಲ, ಓಆರ್‌ಎಸ್ ಸಾಕಾಗುತ್ತದೆ. ರಕ್ತ ಬೀಳುತ್ತಿದ್ದರೆ ಅಥವಾ ಜೋರು ಜ್ವರವಿದ್ದರೆ ವೈದ್ಯರನ್ನು ನೋಡಿ. ಬೇಡದ ಮಾತ್ರೆ ನುಂಗದಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇದರ ಜೊತೆ ಕುಡಿದ್ರೆ ಒಳಗೆ ಏನಾಗುತ್ತೆ?

ಮದ್ಯ ಯಕೃತ್ತಿನಲ್ಲಿ ಎರಡು ಮೆಟ್ಟಿಲಲ್ಲಿ ಕರಗುತ್ತದೆ. ಮೊದಲ ಮೆಟ್ಟಿಲಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ಕೆಟ್ಟ ವಸ್ತುವಾಗುತ್ತದೆ. ಎರಡನೆಯದರಲ್ಲಿ ಒಂದು ಕಿಣ್ವ ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತದೆ. ಈ ಮಾತ್ರೆಗಳು ಆ ಕಿಣ್ವವನ್ನು ತಡೆಯುತ್ತವೆ ಎಂಬುದೇ ಎಚ್ಚರಿಕೆಯ ಹಿಂದಿನ ವಿವರಣೆ. ತಡೆದರೆ ಅಸಿಟಾಲ್ಡಿಹೈಡ್ ರಕ್ತದಲ್ಲಿ ಶೇಖರವಾಗುತ್ತದೆ. ಕುಡಿದ ಕೆಲವು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಖ, ಕತ್ತು, ಎದೆ ಕೆಂಪೇರಿ ಬಿಸಿಯಾಗುತ್ತವೆ. ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿ ನಿಲ್ಲುವುದಿಲ್ಲ, ರಕ್ತದೊತ್ತಡ ಕುಸಿದು ಕಣ್ಣು ಕತ್ತಲಾಗುತ್ತದೆ. ಒಂದೆರಡು ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಬೇಕೆಂದೇ ಮಾಡುವ ಕೆಲಸ ಇದು. ಆದ್ದರಿಂದ ವೈದ್ಯರು ಇದನ್ನು 'ಡೈಸಲ್ಫಿರಾಮ್ ಥರದ ಪ್ರತಿಕ್ರಿಯೆ' ಎನ್ನುತ್ತಾರೆ.

ನಾನು ಮೆಟ್ರೋನಿಡಜೋಲ್ ಜೊತೆ ಕುಡಿದೆ, ಏನೂ ಆಗ್ಲಿಲ್ಲ. ಹಾಗಾದ್ರೆ ಇದೂ ಸುಳ್ಳಲ್ವಾ?

ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. 1964ರಲ್ಲಿ ಮೆಟ್ರೋನಿಡಜೋಲ್ ಕೊಟ್ಟರೆ ಕುಡಿಯುವ ಆಸೆ ಕಡಿಮೆಯಾಗುತ್ತದೆಂಬ ವರದಿ ಬಂತು. ಆ ನಂತರ ಅಲ್ಲೊಂದು ಇಲ್ಲೊಂದು ಪ್ರಕರಣ ಸೇರಿ ಎಚ್ಚರಿಕೆ ಗಟ್ಟಿಯಾಯಿತು. 2002ರಲ್ಲಿ ಫಿನ್ಲೆಂಡಿನ ಸಂಶೋಧಕರು 12 ಆರೋಗ್ಯವಂತ ಗಂಡಸರ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಐದು ದಿನ ಮೆಟ್ರೋನಿಡಜೋಲ್, ಉಳಿದವರಿಗೆ ಬರೀ ಹುಸಿ ಮಾತ್ರೆ ಕೊಟ್ಟು, ನಂತರ ಎಲ್ಲರಿಗೂ ಆಲ್ಕೋಹಾಲ್ ಕುಡಿಸಿದರು. ರಕ್ತದಲ್ಲಿ ಅಸಿಟಾಲ್ಡಿಹೈಡ್ ಏರಲಿಲ್ಲ, ಲಕ್ಷಣಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ 2021ರ ಲೈಂಗಿಕ ರೋಗಗಳ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಮೆಟ್ರೋನಿಡಜೋಲ್ ವೇಳೆ ಮದ್ಯ ಬಿಡುವ ಅಗತ್ಯವಿಲ್ಲ ಎಂದೇ ಬರೆದಿದೆ.

ಹಾಗಿದ್ದರೂ ಔಷಧಿಯ ಅಧಿಕೃತ ಕರಪತ್ರದಿಂದ ಎಚ್ಚರಿಕೆ ಹೋಗಿಲ್ಲ. ನಾವೂ ಕುಡಿಯಬೇಡಿ ಎಂದೇ ಹೇಳುತ್ತೇವೆ. 12 ಜನ ಆರೋಗ್ಯವಂತರಿಗೆ, ಅಳತೆ ಮಾಡಿದ ಕಡಿಮೆ ಮದ್ಯದಿಂದ ಏನೂ ಆಗಲಿಲ್ಲ ಎಂಬುದರಿಂದ ಹೃದಯದ ತೊಂದರೆ ಇರುವ, ಭೇದಿಯಿಂದ ನೀರು ಕಳೆದುಕೊಂಡ, ಕ್ವಾರ್ಟರ್ ಕುಡಿಯುವ ಮನುಷ್ಯನಿಗೂ ಏನೂ ಆಗದು ಎಂದು ತೀರ್ಮಾನಿಸಲಾಗದು. ಬಹುಪಾಲು ಜನರಿಗೆ ಏನೂ ಆಗದಿರಬಹುದು, ಯಾರಿಗೆ ಆಗುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ. ಬಿಡಬೇಕಾದದ್ದು ವಾರದ ಮಟ್ಟಿಗೆ ಅಷ್ಟೆ. ಆರ್ನಿಡಜೋಲ್ ಆ ಕಿಣ್ವವನ್ನು ತಡೆಯುವುದಿಲ್ಲವೆಂಬ ಅಭಿಪ್ರಾಯವೂ ಇದೆ. ಅದಕ್ಕೂ ಇದೇ ನಿಯಮ ಇಟ್ಟುಕೊಳ್ಳುವುದು ಕ್ಷೇಮ.

ಬುಧವಾರ ರಾತ್ರಿ ಕೊನೆ ಮಾತ್ರೆ ಆಯ್ತು. ಶುಕ್ರವಾರ ಬೀಗರೂಟ ಇದೆ, ಅಷ್ಟೊತ್ತಿಗೆ ಕುಡಿಯಬಹುದಾ?

ಮಾತ್ರೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಟಿನಿಡಜೋಲ್ ಎಂದೇ ಇಟ್ಟುಕೊಳ್ಳೋಣ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 13 ಗಂಟೆ ಬೇಕು. ಬುಧವಾರ ರಾತ್ರಿ 9ಕ್ಕೆ ಕೊನೆಯ ಮಾತ್ರೆ. ಗುರುವಾರ ಬೆಳಿಗ್ಗೆ 10ಕ್ಕೆ ಅರ್ಧ, ರಾತ್ರಿ 11ಕ್ಕೆ ಕಾಲು, ಶುಕ್ರವಾರ ಮಧ್ಯಾಹ್ನ 12ಕ್ಕೆ ಎಂಟನೇ ಒಂದು ಪಾಲು. ಬೀಗರೂಟದ ಹೊತ್ತಿಗೆ ಇನ್ನೂ ಶೇ 12ರಷ್ಟು ಒಳಗಿದೆ, ಆದ್ದರಿಂದ ಬೇಡ. ಶನಿವಾರ ರಾತ್ರಿ 9ಕ್ಕೆ, ಅಂದರೆ 72 ಗಂಟೆ ತುಂಬಿದಾಗ, ಶೇ 2ರಷ್ಟು ಮಾತ್ರ ಉಳಿದಿರುತ್ತದೆ.

ಮೆಟ್ರೋನಿಡಜೋಲ್ ಬೇಗ ಹೋಗುತ್ತದೆ, ಅದಕ್ಕೆ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಸಾಕು. ಬ್ರಿಟನ್ನಿನಲ್ಲಿ ಕೊನೆಯ ಮಾತ್ರೆಯ ನಂತರ ಎರಡು ದಿನ ಕಾಯಲು ಹೇಳುತ್ತಾರೆ, ಅಮೆರಿಕದ ಕರಪತ್ರದಲ್ಲಿ ಮೂರು ದಿನ ಎಂದಿದೆ. ಯಾವ 'ನಿಡಜೋಲ್' ಎಂದು ನೆನಪಿಲ್ಲದಿದ್ದರೆ ಮೂರು ದಿನ ಹಿಡಿಯಿರಿ. ಯಕೃತ್ತಿನ ಕಾಯಿಲೆ ಇರುವವರಲ್ಲಿ ಈ ಲೆಕ್ಕ ನಿಧಾನವಾಗುತ್ತದೆ, ಅವರು ವೈದ್ಯರನ್ನೇ ಕೇಳಬೇಕು.

ಗೊತ್ತಿಲ್ಲದೆ ಕುಡಿದುಬಿಟ್ಟೆ. ಮುಖ ಕೆಂಪಾಗಿ ಎದೆ ಹೊಡ್ಕೊಳ್ತಿದೆ. ಈಗ ಏನು ಮಾಡ್ಲಿ?

ಲೋಟ ಕೆಳಗಿಡಿ. ನಿಂತಿದ್ದರೆ ಮಲಗಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ವಾಂತಿ ಬರುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿ. ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ, ಮದ್ಯ ಅಷ್ಟರಲ್ಲೇ ರಕ್ತಕ್ಕೆ ಸೇರಿರುತ್ತದೆ. ಮಜ್ಜಿಗೆ, ನಿಂಬೆರಸ, ಕಾಫಿಯಿಂದ ಇದು ಇಳಿಯುವುದಿಲ್ಲ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಎದೆನೋವು, ಉಸಿರಾಟಕ್ಕೆ ಕಷ್ಟ, ಪ್ರಜ್ಞೆ ತಪ್ಪಿದಂತಾಗುವುದು, ವಾಂತಿ ನಿಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಎಂದು ಹೇಳಿ. ಆಸ್ಪತ್ರೆಯಲ್ಲಿ ಸಲೈನ್ ಹಾಕಿ, ವಾಂತಿಗೆ ಔಷಧಿ ಕೊಟ್ಟು, ಹೃದಯದ ಬಡಿತ ಮತ್ತು ರಕ್ತದೊತ್ತಡ ನೋಡಿಕೊಳ್ಳುತ್ತಾರೆ.

ಒಂದು ವ್ಯತ್ಯಾಸ ಗಮನಿಸಿ. ಮೈಮೇಲೆ ತುರಿಸುವ ದದ್ದು ಎದ್ದು, ತುಟಿ ಅಥವಾ ನಾಲಿಗೆ ಊದಿದ್ದರೆ ಅದು ಮದ್ಯದ ಪ್ರತಿಕ್ರಿಯೆಯಲ್ಲ, ಔಷಧಿಯ ಅಲರ್ಜಿ ಇರಬಹುದು. ಅದಕ್ಕೆ ಆ ಕ್ಷಣವೇ ಅಡ್ರಿನಲಿನ್ ಬೇಕಾಗಬಹುದು, ಕಾದು ನೋಡಬಾರದು.

ನಾವು ಕುಡಿಯೋರಲ್ಲ. ಆದ್ರೆ ಬಾಣಂತಿಗೆ ದಶಮೂಲಾರಿಷ್ಟ ಕೊಡ್ತಿದೀವಿ, ಆಸ್ಪತ್ರೆಯಿಂದ ಮೆಟ್ರೋನಿಡಜೋಲ್ ಕೊಟ್ಟಿದ್ದಾರೆ. ತೊಂದ್ರೆ ಇದೆಯಾ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ಅರಿಷ್ಟ, ಆಸವಗಳು ಹುದುಗಿಸಿ ಮಾಡಿದ ಔಷಧಿಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 5ರಿಂದ 12ರವರೆಗೆ ಇರುತ್ತದೆ, ಬಾಟಲಿಯ ಮೇಲೆ ಬರೆದೂ ಇರುತ್ತದೆ. ಶೇ 10ರ ಅರಿಷ್ಟವನ್ನು 30 ಮಿ.ಲೀ. ಕುಡಿದರೆ ಸುಮಾರು 2.4 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತದೆ, ಅಂದರೆ ಸಣ್ಣ ಪೆಗ್‌ನ ಕಾಲು ಭಾಗ. ಇಷ್ಟರಿಂದ ದೊಡ್ಡ ಅನಾಹುತವಾಗುವ ಸಾಧ್ಯತೆ ಕಡಿಮೆ. ಆದರೂ ಸಿಸೇರಿಯನ್ ಆಗಿ ರಕ್ತ ಕಳೆದುಕೊಂಡ ತಾಯಿಗೆ ವಾಂತಿ, ತಲೆಸುತ್ತು ಬಂದರೆ ಕಾರಣ ಯಾರಿಗೂ ಹೊಳೆಯುವುದಿಲ್ಲ. ಮಾತ್ರೆ ಮುಗಿದು ಮೂರು ದಿನ ಕಳೆದ ಮೇಲೆ ಅರಿಷ್ಟ ಶುರು ಮಾಡಿ. ಅಜ್ಜಿಗೆ ಬೇಸರವಾಗದಂತೆ ಹೇಳುವುದಾದರೆ, ಬಿಡುತ್ತಿಲ್ಲ, ಒಂದು ವಾರ ಮುಂದೂಡುತ್ತಿದ್ದೇವೆ ಅಷ್ಟೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ, ಲೇಬಲ್ ನೋಡಿ.

## ಇನ್ನೂ ಗಂಭೀರವಾದವು

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಡಿಸ್ಚಾರ್ಜ್ ಮಾಡಿದ್ರು. ಮಾತ್ರೆ ಯಾವುದೂ ಇಲ್ಲ. ಮನೇಲಿ ಕುಡಿಯಬಹುದಲ್ವಾ?

ಡಿಸ್ಚಾರ್ಜ್ ಚೀಟಿಯಲ್ಲಿ ಸೆಫೊಪೆರಜೋನ್ ಸಲ್ಬ್ಯಾಕ್ಟಮ್ ಎಂದಿದೆಯೇ ನೋಡಿ. ನಮ್ಮ ಆಸ್ಪತ್ರೆಗಳಲ್ಲಿ ಬಹಳ ಬಳಕೆಯಲ್ಲಿರುವ ಇಂಜೆಕ್ಷನ್ ಅದು. ಮೆಟ್ರೋನಿಡಜೋಲ್ ಬಗ್ಗೆ ಇರುವ ಅನುಮಾನ ಇದರ ಬಗ್ಗೆ ಇಲ್ಲ. ಇದರ ಅಣುವಿಗೆ ಅಂಟಿಕೊಂಡಿರುವ ಒಂದು ಪಾರ್ಶ್ವಕೊಂಡಿ ದೇಹದಲ್ಲಿ ಕಳಚಿ, ಅಸಿಟಾಲ್ಡಿಹೈಡನ್ನು ಕರಗಿಸುವ ಕಿಣ್ವವನ್ನು ಕೆಡಿಸುತ್ತದೆ.

ಇಲ್ಲಿ ಅರ್ಧಾಯುಷ್ಯದ ಲೆಕ್ಕ ನಡೆಯುವುದಿಲ್ಲ. ಸೆಫೊಪೆರಜೋನ್ ರಕ್ತದಲ್ಲಿ ಎರಡೇ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಮರುದಿನಕ್ಕೆ ಇರುವುದೇ ಇಲ್ಲ. ಆದರೆ ಕೆಟ್ಟ ಕಿಣ್ವದ ಜಾಗಕ್ಕೆ ಹೊಸದು ತಯಾರಾಗಲು ದಿನಗಳು ಬೇಕು. ಕೊನೆಯ ಇಂಜೆಕ್ಷನ್ ಆಗಿ ಐದನೆಯ ದಿನ ಕುಡಿದವರಲ್ಲೂ ಮುಖ ಕೆಂಪೇರಿ, ಬೆವರಿ, ಎದೆ ಹೊಡೆದುಕೊಂಡ ವರದಿಗಳಿವೆ. ಕನಿಷ್ಠ 72 ಗಂಟೆ ಎನ್ನುತ್ತಾರೆ, ನಾವು ಐದು ದಿನ ದಾಟಲಿ ಎನ್ನುತ್ತೇವೆ. ಇದೇ ಔಷಧಿ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸಕ್ಕೂ ಅಡ್ಡ ಬರುತ್ತದೆ. ಸರಿಯಾಗಿ ಊಟ ಮಾಡದ, ಕುಡಿತದಿಂದ ಯಕೃತ್ತು ಸೊರಗಿದ ರೋಗಿಗಳಲ್ಲಿ ವಸಡಿನಿಂದ ಅಥವಾ ಮಲದಲ್ಲಿ ರಕ್ತ ಕಾಣಿಸಬಹುದು, ಕಂಡರೆ ತಡಮಾಡದೆ ತೋರಿಸಿ. ಸೆಫಿಕ್ಸಿಮ್, ಸೆಫಲೆಕ್ಸಿನ್ ಮಾತ್ರೆಗಳು 'ಸೆಫ್' ಎಂದೇ ಶುರುವಾದರೂ ಅವುಗಳಲ್ಲಿ ಆ ಕೊಂಡಿ ಇಲ್ಲ.

ನಮ್ಮಣ್ಣ ಟಿಬಿ ಮಾತ್ರೆ ತಗೊಳ್ತಿದ್ದಾನೆ. ವಾರಕ್ಕೊಂದ್ಸಲ ಕುಡಿದ್ರೆ ಪರವಾಗಿಲ್ವಾ?

ಬೇಡವೇ ಬೇಡ. ಸಾಮಾನ್ಯ ಕ್ಷಯದ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿಗಳು, ನಂತರ ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಮೊದಲ ಮೂರೂ ಯಕೃತ್ತಿಗೆ ಪೆಟ್ಟು ಕೊಡಬಲ್ಲವು, ಕುಡಿಯುವವರಲ್ಲಿ ಆ ಅಪಾಯ ಹೆಚ್ಚು. ಇಲ್ಲಿ ಮುಖ ಕೆಂಪೇರುವಂಥ ಎಚ್ಚರಿಕೆ ಇರುವುದಿಲ್ಲ, ಸದ್ದಿಲ್ಲದೆ ವಾರಗಟ್ಟಲೆ ನಡೆಯುತ್ತದೆ.

ಮೊದಲು ಊಟ ಸೇರದಾಗುತ್ತದೆ, ವಾಕರಿಕೆ, ಸುಸ್ತು ಬರುತ್ತದೆ. ಆಮೇಲೆ ಮೂತ್ರ ಕಡುಹಳದಿಯಾಗುತ್ತದೆ, ಕೊನೆಗೆ ಕಣ್ಣು ಹಳದಿಯಾಗುತ್ತದೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ, ಆದ್ದರಿಂದ ಮೂತ್ರವೊಂದನ್ನೇ ನೋಡಿ ನಿರ್ಧರಿಸಬೇಡಿ. ಹಸಿವು ಮತ್ತು ಕಣ್ಣನ್ನು ಗಮನಿಸಿ. ಈ ಲಕ್ಷಣ ಕಂಡ ದಿನವೇ ಆಸ್ಪತ್ರೆಗೆ ಹೋಗಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಎಎಲ್‌ಟಿ ಎಂಬ ಅಂಶ ಲಕ್ಷಣಗಳಿದ್ದು ಮಿತಿಯ ಮೂರು ಪಟ್ಟು, ಅಥವಾ ಲಕ್ಷಣಗಳಿಲ್ಲದೆ ಐದು ಪಟ್ಟು ಮೀರಿದರೆ ವೈದ್ಯರು ಮಾತ್ರೆ ನಿಲ್ಲಿಸಿ, ಇಳಿದ ಮೇಲೆ ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಅಣ್ಣ ಕುಡಿದ ದಿನ ಮಾತ್ರೆ ಬಿಡುವುದೂ ಪರಿಹಾರವಲ್ಲ, ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೆ ಬಗ್ಗದ ಕ್ಷಯ ಹುಟ್ಟುತ್ತದೆ. ಕುಡಿತದ ವಿಷಯ ಆರೋಗ್ಯ ಕಾರ್ಯಕರ್ತರಿಗೆ ಮೊದಲ ದಿನವೇ ತಿಳಿದಿರಲಿ.

ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಇದಕ್ಕೂ ಮದ್ಯಕ್ಕೂ ಏನು ಸಂಬಂಧ?

ಒಂದು ದಿನದ ಪೆಗ್‌ನಿಂದ ಹೆಚ್ಚು ವ್ಯತ್ಯಾಸವಿಲ್ಲ, ಬಹುಕಾಲ ನಿತ್ಯ ಕುಡಿದವರಲ್ಲಿ ವ್ಯತ್ಯಾಸವಿದೆ. ಅಂಥವರ ಯಕೃತ್ತು ಡಾಕ್ಸಿಸೈಕ್ಲಿನ್‌ನ್ನು ಬೇಗ ಕರಗಿಸಿಬಿಡುತ್ತದೆ. ಇತರರಲ್ಲಿ 14ರಿಂದ 15 ಗಂಟೆಗೆ ಅರ್ಧವಾಗುವುದು ಅವರಲ್ಲಿ ಸುಮಾರು 10 ಗಂಟೆಗೇ ಅರ್ಧವಾಗುತ್ತದೆ. ದಿನಕ್ಕೊಂದೇ ಮಾತ್ರೆ ಬರೆದಿದ್ದರೆ ಮರುದಿನದವರೆಗೆ ಸಾಲದಿರಬಹುದು, ಎರಡು ಹೊತ್ತು ಬೇಕೇ ಎಂದು ವೈದ್ಯರನ್ನು ಕೇಳಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಗದ್ದೆ ಕೆಲಸದ ಹೊತ್ತಿಗೆ ಬರುವ ಇಲಿ ಜ್ವರ ತಾನೇ ಯಕೃತ್ತು, ಮೂತ್ರಪಿಂಡಗಳನ್ನು ಹಿಡಿಯುವ ರೋಗ. ಅದರ ಮೇಲೆ ಮದ್ಯದ ಹೊರೆ ಹೇರಬಾರದು.

ಲಿನೆಜೋಲಿಡ್ ತಗೊಳ್ಳುವಾಗ ವಿಸ್ಕಿ ಪರವಾಗಿಲ್ಲ, ಬಿಯರ್ ಬೇಡ ಅಂದ್ರು. ಯಾಕೆ ಹಾಗೆ?

ಇಲ್ಲಿ ತೊಂದರೆ ಆಲ್ಕೋಹಾಲಿನದಲ್ಲ, ಟೈರಮಿನ್ ಎಂಬ ವಸ್ತುವಿನದು. ಹುದುಗಿಸಿದ, ಹಳೆಯದಾದ ಆಹಾರಗಳಲ್ಲಿ ಅದು ಇರುತ್ತದೆ. ಪಬ್‌ಗಳಲ್ಲಿ ನಲ್ಲಿಯಿಂದ ಹಿಡಿದು ಕೊಡುವ ತಾಜಾ ಬಿಯರ್, ರೆಡ್ ವೈನ್, ಹಳೆಯ ಚೀಸ್ ಅಂಥವು. ಸಾಮಾನ್ಯವಾಗಿ ದೇಹ ಅದನ್ನು ಒಡೆದುಹಾಕುತ್ತದೆ, ಲಿನೆಜೋಲಿಡ್ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಆಗ ರಕ್ತದೊತ್ತಡ ಬೀಳುವ ಬದಲು ಏರುತ್ತದೆ. ಹಿಂದಲೆಯಲ್ಲಿ ಸಿಡಿಯುವ ನೋವು ಬಂದರೆ ರಕ್ತದೊತ್ತಡ ಅಳೆಸಿ. ಬಟ್ಟಿ ಇಳಿಸಿದ ವಿಸ್ಕಿಯಲ್ಲಿ ಟೈರಮಿನ್ ಇರುವುದಿಲ್ಲ ಎಂಬುದು ಸರಿ. ಆದರೆ ಲಿನೆಜೋಲಿಡ್ ಕೊಡುವಷ್ಟು ಗಂಭೀರ ಸೋಂಕಿನಲ್ಲಿ ವಿಸ್ಕಿಗೂ ಜಾಗವಿಲ್ಲ.

ಅಪ್ಪ ಇಪ್ಪತ್ತು ವರ್ಷದಿಂದ ದಿನಾ ಕುಡೀತಾರೆ. ಆಂಟಿಬಯೋಟಿಕ್ ಶುರುವಾಗಿದೆ ಅಂತ ಇವತ್ತಿಂದ ಪೂರ್ತಿ ನಿಲ್ಲಿಸಿದೀವಿ. ಸರಿ ತಾನೆ?

ವೈದ್ಯರಿಗೆ ಹೇಳದೆ ನಿಲ್ಲಿಸಿದ್ದರೆ ಈಗಲೇ ಹೇಳಿ. ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ಬಿಟ್ಟರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಹಗಲು ರಾತ್ರಿ ತಿಳಿಯದಾಗುವುದು ಶುರುವಾದರೆ ಪ್ರಾಣಕ್ಕೇ ಅಪಾಯ. ಮನೆಯವರು ಇದನ್ನು ಜ್ವರದ ಬಡಬಡಿಕೆ ಅಥವಾ ಮಾತ್ರೆಯ ಅಡ್ಡಪರಿಣಾಮ ಎಂದುಕೊಂಡು ಆಂಟಿಬಯೋಟಿಕ್ ನಿಲ್ಲಿಸಿಬಿಡುತ್ತಾರೆ. ಆಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್ ಕೊಟ್ಟಿದ್ದರೆ ಫಿಟ್ಸ್ ಸಾಧ್ಯತೆ ಇನ್ನಷ್ಟು ಹೆಚ್ಚುತ್ತದೆ. ವೈದ್ಯರು ಬೇರೆ ಆಂಟಿಬಯೋಟಿಕ್ ಆರಿಸಬಲ್ಲರು. ನಡುಕ ತಡೆಯಲು ಡಯಜೆಪಾಮ್ ಅಥವಾ ಲೊರಜೆಪಾಮ್, ಜೊತೆಗೆ ವಿಟಮಿನ್ ಬಿ1 ಕೊಡುತ್ತಾರೆ. ಅದಕ್ಕೆ ಅಪ್ಪ ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಯಾವಾಗ ಕುಡಿದರು ಎಂಬ ನಿಜ ಅವರಿಗೆ ಗೊತ್ತಿರಬೇಕು.

ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ 'ಕುಡಿತ ಬಿಡಿಸೋ ಪುಡಿ' ಹಾಕ್ತಿದೀನಿ. ಈಗ ಅವರಿಗೆ ಹೊಟ್ಟೆಗೆ ಮೆಟ್ರೋನಿಡಜೋಲ್ ಕೊಟ್ಟಿದ್ದಾರೆ. ಏನಾದ್ರೂ ಆಗುತ್ತಾ?

ಅಮ್ಮ, ಇವತ್ತೇ ಆ ಪುಡಿ ನಿಲ್ಲಿಸಿ, ಅದರ ಪೊಟ್ಟಣದ ಸಮೇತ ವೈದ್ಯರಿಗೆ ತಿಳಿಸಿ. ಆ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಮೆಟ್ರೋನಿಡಜೋಲ್ ಜೊತೆ ಸೇರಿ ಮದ್ಯವಿಲ್ಲದೆಯೂ ತಲೆ ಕೆಡಿಸಬಲ್ಲದು. ಗೊಂದಲ, ಭ್ರಮೆ, ಯಾರನ್ನೂ ನಂಬದಂಥ ಅನುಮಾನ ಕಾಣಿಸಿಕೊಂಡ ಪ್ರಕರಣಗಳಿವೆ. ಡೈಸಲ್ಫಿರಾಮ್‌ನ ಪ್ರಭಾವ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರುತ್ತದೆ. ಅಷ್ಟು ದಿನ ಕಳೆಯದೆ ಮೆಟ್ರೋನಿಡಜೋಲ್ ಕೊಡಬಾರದೆಂದು ಕರಪತ್ರದಲ್ಲೇ ಇದೆ. ವೈದ್ಯರು ಬೇರೆ ಔಷಧಿಗೆ ಬದಲಾಯಿಸುತ್ತಾರೆ.

ಅವರು ಈ ಎರಡು ವಾರದಲ್ಲಿ ಹೊರಗೆ ಕುಡಿದರೆ ಬರುವ ಪ್ರತಿಕ್ರಿಯೆಯೂ ಜೋರಾಗಿರುತ್ತದೆ, ತನಗೆ ಯಾಕೆ ಹೀಗಾಯಿತೆಂದು ಅವರಿಗೂ ತಿಳಿಯದು, ನೋಡುವ ವೈದ್ಯರಿಗೂ ತಿಳಿಯದು. ಡೈಸಲ್ಫಿರಾಮ್ ಒಳ್ಳೆಯ ಔಷಧಿಯೇ, ಆದರೆ ತೆಗೆದುಕೊಳ್ಳುವವರಿಗೆ ತಿಳಿದು, ಹೃದಯ ಮತ್ತು ಯಕೃತ್ತು ಪರೀಕ್ಷಿಸಿದ ಮೇಲೆ ಮಾತ್ರ. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವ ವಿಭಾಗವಿದೆ. ಅಷ್ಟು ದೂರ ಹೋಗಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.